ಕಳಲೆ ವಿಡಿಯೋದ ಕ್ಯಾಪ್ಶನ್: ನಾಲ್ಕನೇ ಸಲ ಬರೆದದ್ದು ಕೈ ಹಿಡಿಯಿತು

ಇಪ್ಪತ್ನಾಲ್ಕು ನಿಮಿಷದ ಅಡುಗೆ ವಿಡಿಯೋ ಯಾರು ನೋಡ್ತಾರೆ ಅಂತ ನಮ್ಮ ಮನೆಯಲ್ಲೇ ಎಲ್ಲರೂ ಕೇಳಿದ್ದರು. ಮೈದುನ ಅಂತೂ, "ಅತ್ತಿಗೆ, ಒಂದು ನಿಮಿಷದ್ದು ನಾಲ್ಕು ಮಾಡಿ ಹಾಕಿ, ಸುಮ್ನೆ ಕಷ್ಟಪಡಬೇಡಿ" ಅಂದ. ಆದರೆ ಕಳಲೆಯನ್ನು, ಅಂದರೆ ಎಳೆ ಬಿದಿರಿನ ಮೊಳಕೆಯನ್ನು, ಒಂದು ನಿಮಿಷದಲ್ಲಿ ತೋರಿಸಲು ಆಗಲ್ಲ. ಅದು ಮೂರು ದಿನದ ಕೆಲಸ. ಈ ಮಳೆಗಾಲದಲ್ಲಿ ಹಾಕಿದ ಆ ಉದ್ದದ ವಿಡಿಯೋ ಹತ್ತು ದಿನದಲ್ಲಿ ಮೂರು ಸಾವಿರದ ಹತ್ತಿರ ನೋಟ ಕಂಡಿತು. ಒಬ್ಬೊಬ್ಬರು ಸರಾಸರಿ ಎಂಟು ನಿಮಿಷ ಕೂತು ನೋಡಿದ್ದಾರೆ. ನಮ್ಮಂಥ ಸಣ್ಣ ಯೂಟ್ಯೂಬ್ ಚಾನೆಲ್‌ಗೆ ಇದು ದೊಡ್ಡದೇ. ಇದೇ ವಿಡಿಯೋ ಹೋದ ವರ್ಷವೂ ಹಾಕಿದ್ದೆ. ಶುರುವಿನ ಒಂದು ತುಣುಕು ಬಿಟ್ಟರೆ ನಾನು ಬದಲಿಸಿದ್ದು ವಿಡಿಯೋದ ಕೆಳಗೆ ಬರೆಯುವ ಕ್ಯಾಪ್ಶನ್ ಮಾತ್ರ.

ನಮ್ಮ ತೋಟ ಇರುವುದು ಸಕಲೇಶಪುರ ತಾಲ್ಲೂಕಿನಲ್ಲಿ, ಹಾನುಬಾಳು ಕಡೆ. ಬೇಲಿ ಪಕ್ಕ ನಮ್ಮದೇ ಬಿದಿರು ಮೆಳೆ ಇದೆ. ಅಡುಗೆ ಅತ್ತೆಯದು, ಚಿತ್ರೀಕರಣ ಮತ್ತು ಬರವಣಿಗೆ ನನ್ನದು.

ಮೊದಲ ಸಲ ಎಲ್ಲರೂ ಬರೆಯುವ ಹಾಗೆಯೇ ಬರೆದೆ. "ನಮಸ್ಕಾರ ಸ್ನೇಹಿತರೇ, ಇವತ್ತು ಮಲೆನಾಡು ಶೈಲಿಯ ಕಳಲೆ ಪಲ್ಯ ಮಾಡುವುದು ಹೇಗೆಂದು ನೋಡೋಣ. ಲೈಕ್ ಮಾಡಿ, ಶೇರ್ ಮಾಡಿ, ಸಬ್‌ಸ್ಕ್ರೈಬ್ ಮಾಡಿ." ಮೊಬೈಲಿನಲ್ಲಿ ಪೂರ್ತಿ ಓದಲು ಒತ್ತುವ ಮೊದಲು ಕಾಣುವುದು ಒಂದೋ ಎರಡೋ ಸಾಲು. ಆ ಎರಡು ಸಾಲನ್ನು ನಮಸ್ಕಾರಕ್ಕೇ ಖರ್ಚು ಮಾಡಿದ್ದೆ. ವಾರಕ್ಕೆ ಮುನ್ನೂರು ಜನ ನೋಡಿದರು. ಅದರಲ್ಲಿ ಅರ್ಧ ನಮ್ಮ ನೆಂಟರೇ ಇರಬೇಕು.

ಎರಡನೇ ಸಲ ಹಾಸನದಲ್ಲಿ ಒಬ್ಬರಿಗೆ ದುಡ್ಡು ಕೊಟ್ಟು ಬರೆಸಿದೆ. ಒಂದು ಕ್ಯಾಪ್ಶನ್‌ಗೆ ನಾನೂರು ರೂಪಾಯಿ. ಜೊತೆಗೆ ಫೇಸ್‌ಬುಕ್ಕಿನಲ್ಲಿ ಬೂಸ್ಟ್ ಮಾಡಲು ಸಾವಿರದ ಐನೂರು ಹಾಕಿದೆ. ಕ್ಯಾಪ್ಶನ್ ತುಂಬ ಬೆಂಕಿ ಚಿತ್ರ, ಬಾಯಲ್ಲಿ ನೀರೂರಿಸುವ, ಒಮ್ಮೆ ತಿಂದರೆ ಮರೆಯಲ್ಲ, ಇಂಥವೇ. ಕಳಲೆ ತೆಗೆದು ಚಿಕನ್ ಅಂತ ಹಾಕಿದರೂ ಆ ಕ್ಯಾಪ್ಶನ್ ಹಾಗೇ ನಡೆಯುತ್ತಿತ್ತು. ಫೇಸ್‌ಬುಕ್ಕಿನಲ್ಲಿ ಲೈಕ್ ಬಂತು, ಆದರೆ ಅಲ್ಲಿಂದ ವಿಡಿಯೋಗೆ ಬಂದವರು ಬೆರಳೆಣಿಕೆ. ಹತ್ತೊಂಬತ್ತು ನೂರು ಹೋಯಿತು. ಒಂದು ಒಳ್ಳೆ ಮೈಕ್ ಬರುತ್ತಿತ್ತು.

ಮೂರನೇ ಸಲದ್ದು ಹೇಳಲು ಈಗಲೂ ಕಷ್ಟ ಆಗುತ್ತದೆ. ಕುತೂಹಲ ಹುಟ್ಟಿಸಬೇಕು ಅಂತ, "ಈ ಒಂದು ತಪ್ಪು ಮಾಡಿದರೆ ಕಳಲೆ ವಿಷ! ಯಾವುದು ಆ ತಪ್ಪು? ವಿಡಿಯೋ ನೋಡಿ" ಅಂತ ಬರೆದೆ. ನೋಟ ಜಾಸ್ತಿ ಆಯಿತು, ನಿಜ. ನಾಲ್ಕನೇ ದಿನ ಒಬ್ಬ ಹೆಣ್ಣುಮಗಳು ಕಮೆಂಟ್ ಹಾಕಿದರು. ಸಂತೆಯಿಂದ ಕಳಲೆ ತಂದು, ವಿಡಿಯೋದಲ್ಲಿ ಪಲ್ಯದ ಭಾಗ ಮಾತ್ರ ನೋಡಿ, ಅವತ್ತು ರಾತ್ರಿಯೇ ಮಾಡಿದ್ದರು. ಬಾಯೆಲ್ಲ ಕಹಿ, ಹೊಟ್ಟೆ ತೊಳಸು. ದೇವರ ದಯೆ, ಎರಡು ತುತ್ತಿಗೇ ಬಿಟ್ಟಿದ್ದರು. ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ಅಂಶ ಇರುತ್ತದೆ, ನೆನೆಸಿ ಬೇಯಿಸಿ ಆ ನೀರು ಚೆಲ್ಲಿದರೆ ಹೋಗುತ್ತದೆ. ನಮ್ಮ ಕಡೆ ಇದು ಮಕ್ಕಳಿಗೂ ಗೊತ್ತು. ಬೆಂಗಳೂರಿನಲ್ಲಿ ಮೊದಲ ಸಲ ತರುವವರಿಗೆ ಹೇಗೆ ಗೊತ್ತಿರಬೇಕು? ನಾನು ಮುಚ್ಚಿಟ್ಟದ್ದು ಅವರಿಗೆ ಮೊದಲು ಗೊತ್ತಾಗಬೇಕಾದ ಮಾತನ್ನೇ. ಅವತ್ತೇ ಆ ಸಾಲು ಅಳಿಸಿದೆ.

ಆಮೇಲೆ ಬಹಳ ಯೋಚನೆ ಮಾಡಿದೆ. ಟೀಸರ್‌ನಲ್ಲಿ ಏನಾದರೂ ಒಂದನ್ನು ಮುಚ್ಚಿಡಲೇಬೇಕು, ಇಲ್ಲದಿದ್ದರೆ ಅದು ಟೀಸರ್ ಅಲ್ಲ. ಆದರೆ ಮುಚ್ಚಿಡಬೇಕಾದ್ದು ವಿಧಾನವನ್ನಲ್ಲ. ಆ ಅಡುಗೆಮನೆಯಲ್ಲಿ ಆವತ್ತು ಏನಾಯಿತು ಅನ್ನುವುದನ್ನು ಮುಚ್ಚಿಡಬೇಕು. ನಮ್ಮ ವಿಡಿಯೋದಲ್ಲಿ ಅಂಥದ್ದು ಒಂದು ಇತ್ತು. ಮೂರನೇ ದಿನ ನಾನು ಆಯಿತು ಅಂದುಕೊಂಡು ಬಾಣಲೆ ಇಟ್ಟಿದ್ದೆ. ಅತ್ತೆ ಬಂದು ಪಾತ್ರೆಯ ನೀರು ಮೂಸಿ ನೋಡಿ ಬೇಡ ಅಂದರು. ಯಾಕೆ ಬೇಡ ಅಂದರು ಅನ್ನುವುದು ವಿಡಿಯೋದಲ್ಲಿದೆ. ನಾಲ್ಕನೇ ಕ್ಯಾಪ್ಶನ್ ಅಲ್ಲಿಂದಲೇ ಶುರು ಮಾಡಿದೆ:

"ಮೂರನೇ ದಿನ. ಒಲೆ ಮೇಲೆ ಬಾಣಲೆ ಕಾಯ್ತಾ ಇತ್ತು. ಅತ್ತೆ ಕಳಲೆ ನೀರು ಮೂಸಿ ನೋಡಿ, 'ಇಳಿಸು ಬಾಣಲೆ' ಅಂದರು.

ಮೊದಲೇ ಒಂದು ಮಾತು: ಹಸಿ ಕಳಲೆ ನೇರವಾಗಿ ಒಗ್ಗರಣೆಗೆ ಹಾಕಬೇಡಿ. ತೆಳ್ಳಗೆ ಹೆಚ್ಚಿ ಮೂರು ದಿನ ನೆನೆಸಿ. ದಿನಾ ನೀರು ಬದಲಿಸಿ. ಆಮೇಲೆ ಬೇಯಿಸಿ ಆ ನೀರನ್ನೂ ಚೆಲ್ಲಿ.

0:00 ಅತ್ತೆ ಬಾಣಲೆ ಇಳಿಸಿದ್ದು
1:10 ಸಿಪ್ಪೆ ಬಿಡಿಸಿ, ಗಟ್ಟಿ ಬುಡ ಎಲ್ಲಿಗೆ ಕತ್ತರಿಸಬೇಕು
5:40 ಎಷ್ಟು ತೆಳ್ಳಗೆ ಹೆಚ್ಚಬೇಕು
9:15 ಒಂದೊಂದು ದಿನದ ನೀರು ಹೇಗಿರುತ್ತದೆ
13:30 ಅರಿಶಿನ ಹಾಕಿ ಬೇಯಿಸಿ, ನೀರು ಚೆಲ್ಲುವುದು
15:20 ಕಡಲೆಕಾಳು ಹಾಕಿದ ಕಳಲೆ ಪಲ್ಯ
20:05 ಕಡುಬಿನ ಜೊತೆ ಬಡಿಸಿದಾಗ

ಮುಂದಿನ ವಿಡಿಯೋ ಇದೇ ಕಳಲೆಯ ಉಪ್ಪಿನಕಾಯಿ. ನಿಮ್ಮ ಮನೆಗೂ ಈ ಮಳೆಗಾಲದಲ್ಲಿ ಕಳಲೆ ಬರುವುದಿದ್ದರೆ ಸಬ್‌ಸ್ಕ್ರೈಬ್ ಮಾಡಿಟ್ಟುಕೊಳ್ಳಿ, ಸೀಸನ್ ಮುಗಿಯುವ ಮೊದಲು ಹಾಕ್ತೀನಿ."

ಇಷ್ಟೇ. ಎರಡನೇ ಪ್ಯಾರಾದಲ್ಲಿ ಗುಟ್ಟೆಲ್ಲ ಬಿಟ್ಟುಕೊಟ್ಟೆಯಲ್ಲ, ಇನ್ನು ವಿಡಿಯೋ ಯಾಕೆ ನೋಡ್ತಾರೆ ಅಂತ ಮೈದುನ ಕೇಳಿದ. ಆಗಿದ್ದು ಉಲ್ಟಾ. ನೆನೆಸಬೇಕು ಅಂತ ಗೊತ್ತಾದ ಮೇಲೆ ಜನರಿಗೆ ಹುಟ್ಟುವ ಪ್ರಶ್ನೆ, ನೆನೆದದ್ದು ಸಾಕಾ ಅಂತ ಹೇಗೆ ಗೊತ್ತಾಗುತ್ತದೆ ಅನ್ನುವುದು. ಅದಕ್ಕೆ ಕಣ್ಣಿಂದ ನೋಡಲೇಬೇಕು, ಬರೆದು ಹೇಳಲು ಬರಲ್ಲ. ಯೂಟ್ಯೂಬ್ ಸ್ಟುಡಿಯೋದಲ್ಲಿ ಗ್ರಾಫ್ ನೋಡಿದರೆ 9:15ರ ಹತ್ತಿರ ಗೆರೆ ಮೇಲೆದ್ದಿದೆ. ಮುಂದೆ ಹಾರಿಸಿದವರೂ ಅಲ್ಲಿಗೆ ವಾಪಸ್ ಬಂದು ನೋಡಿದ್ದಾರೆ.

ಮೂರನೇ ಸಲ ಇನ್ನೊಂದು ಎಡವಟ್ಟೂ ಆಗಿತ್ತು. ಅತ್ತೆ ಬೈದ ದೃಶ್ಯದ ಆಸೆ ಫೇಸ್‌ಬುಕ್ ಪೋಸ್ಟಿನಲ್ಲಿ ತೋರಿಸಿ, ವಿಡಿಯೋದಲ್ಲಿ ಅದನ್ನು ಹನ್ನೆರಡನೇ ನಿಮಿಷಕ್ಕೆ ಇಟ್ಟಿದ್ದೆ. ಮೊದಲ ಮೂವತ್ತು ಸೆಕೆಂಡಿನಲ್ಲೇ ಅರ್ಧಕ್ಕಿಂತ ಜಾಸ್ತಿ ಜನ ಹೊರಟುಹೋದರು. ಕ್ಯಾಪ್ಶನ್ ಓದಿ ಬಂದವರಿಗೆ ಅದೇ ಮಾತು ಬಾಗಿಲಲ್ಲೇ ಸಿಗಬೇಕು. ಹಾಗಾಗಿ ನಾಲ್ಕನೇ ಸಲ ಆ ದೃಶ್ಯದ ಒಂದು ತುಣುಕನ್ನು ವಿಡಿಯೋದ ಶುರುವಿಗೇ ಅಂಟಿಸಿದೆ. ಅತ್ತೆ ಬಾಯಿ ತೆರೆಯುವಲ್ಲಿಗೆ ಕತ್ತರಿಸಿದ್ದೇನೆ. ಇದಕ್ಕಾಗಿ ಹೊಸದಾಗಿ ಅಪ್‌ಲೋಡ್ ಮಾಡಬೇಕಾಯಿತು. ಹಳೆಯದರ ನೋಟಗಳು ಹೋದವು. ಮಳೆಗೆ ಕರೆಂಟೂ ಇಲ್ಲ, ಟವರೂ ಇಲ್ಲ. ಪೆನ್‌ಡ್ರೈವ್ ಹಿಡಿದು ಸಕಲೇಶಪುರಕ್ಕೆ ಹೋಗಿ ತಂಗಿ ಮನೆಯಿಂದ ಹಾಕಿದೆ. ಬಸ್ಸು, ಟೀ ಎಲ್ಲ ಸೇರಿ ನೂರೈವತ್ತು ಆಗಿರಬಹುದು. ನಾಲ್ಕನೇ ಕ್ಯಾಪ್ಶನ್‌ಗೆ ಆದ ಖರ್ಚು ಅಷ್ಟೇ.

ಸಮಯದ ಪಟ್ಟಿ ಹಾಕುವವರಿಗೆ ಒಂದು ಮಾತು. ಮೊದಲ ಸಾಲು 0:00 ಆಗಿರಲೇಬೇಕು. ನಾನು ಒಂದು ಸಲ 0:20ರಿಂದ ಶುರು ಮಾಡಿ, ಅಧ್ಯಾಯಗಳು ಯಾಕೆ ಕಾಣ್ತಿಲ್ಲ ಅಂತ ಎರಡು ದಿನ ತಲೆ ಕೆಡಿಸಿಕೊಂಡಿದ್ದೆ. ಕಡಿಮೆ ಅಂದರೆ ಮೂರು ಸಾಲು ಬೇಕು, ಒಂದೊಂದು ಭಾಗ ಹತ್ತು ಸೆಕೆಂಡಾದರೂ ಇರಬೇಕು. ಅದಕ್ಕಿಂತ ಮುಖ್ಯ, ಹೆಸರು ಇಡುವ ರೀತಿ. ಮೊದಲು "ಬೇಕಾಗುವ ಸಾಮಗ್ರಿ", "ಮಾಡುವ ವಿಧಾನ" ಅಂತ ಇಟ್ಟಿದ್ದೆ. ಅದನ್ನು ಓದಿ ಯಾರಿಗೂ ಏನೂ ಅನ್ನಿಸಲ್ಲ. ಈಗ ಪಟ್ಟಿ ಬರೆಯುವ ಮೊದಲು ಹಳೆಯ ಕಮೆಂಟು ತೆಗೆದು ಕೂರುತ್ತೇನೆ. ಬುಡ ಎಲ್ಲಿಗೆ ಕತ್ತರಿಸೋದು ಅಂತ ಮೂರು ಜನ ಕೇಳಿದ್ದರು. ಅದೇ 1:10ರ ಹೆಸರಾಯಿತು.

ಸಬ್‌ಸ್ಕ್ರೈಬ್ ಮಾತನ್ನು ಕೊನೆಗೆ ಹಾಕಿದ್ದಕ್ಕೂ ಕಾರಣ ಇದೆ. ಮೊದಲ ಸಾಲಿನಲ್ಲೇ ಕೇಳಿದರೆ, ಮನೆಗೆ ಬಂದವರಿಗೆ ನೀರು ಕೊಡುವ ಮೊದಲೇ ಸಾಲ ಕೇಳಿದ ಹಾಗೆ ಆಗುತ್ತದೆ, ಅಲ್ವಾ? ಕೊನೆಯಲ್ಲಿ ಕೇಳುವಾಗಲೂ "ನಮ್ಮನ್ನು ಬೆಂಬಲಿಸಿ" ಅಂತ ಬರೆಯಲಿಲ್ಲ. ಕಳಲೆ ನೆನೆಸಿಟ್ಟವರಿಗೆ ಮುಂದಿನ ವಾರ ಏನು ಬೇಕಾಗುತ್ತದೋ ಅದನ್ನು ಹೇಳಿದೆ. ಮಾತು ಕೊಟ್ಟ ಮೇಲೆ ಉಪ್ಪಿನಕಾಯಿ ವಿಡಿಯೋ ಒಂಬತ್ತನೇ ದಿನಕ್ಕೆ ಹಾಕಿದೆ, ಜ್ವರ ಇದ್ದರೂ. ಆ ಎರಡು ವಿಡಿಯೋ ನಡುವೆ ಇನ್ನೂರು ಚಿಲ್ಲರೆ ಜನ ಸೇರಿದರು. ಅದಕ್ಕೂ ಮುಂಚೆ ಒಂದು ತಿಂಗಳಿಗೆ ಮೂವತ್ತು ಜನ ಬಂದರೆ ಹೆಚ್ಚು ಅನ್ನುವ ಹಾಗಿತ್ತು.

ವಾಟ್ಸಾಪಿನಲ್ಲಿ ಬೇರೆ ಒಂದು ಪ್ರಯೋಗ ಮಾಡಿದೆ. ನಮ್ಮ ಸಂಘದ ಹೆಂಗಸರ ಗುಂಪಿಗೆ ಇದೇ ಉದ್ದದ ಕ್ಯಾಪ್ಶನ್ ಕಳಿಸಿದರೆ ಯಾರೂ ಓದಲಿಲ್ಲ. ಇವರೆಲ್ಲ ಕಳಲೆ ಬಲ್ಲವರು, ನೆನೆಸುವ ಪಾಠ ಅವರಿಗೆ ಬೇಡ. ಎರಡನೇ ಸಲ, "ನಮ್ಮತ್ತೆ ನೀರು ನೋಡುವ ರೀತಿ ನಿಮ್ಮ ಮನೆಯಲ್ಲೂ ಇದೆಯಾ?" ಅಂತ ಒಂದೇ ಸಾಲು ಬರೆದು, ಆ ಭಾಗಕ್ಕೇ ನೇರ ತೆರೆಯುವ ಲಿಂಕ್ ಕಳಿಸಿದೆ. ಲಿಂಕಿನ ಕೊನೆಗೆ ಸೆಕೆಂಡ್ ಲೆಕ್ಕ ಸೇರಿಸಿದರೆ ಸಾಕು. ಒಂಬತ್ತು ನಿಮಿಷ ಹದಿನೈದು ಸೆಕೆಂಡ್ ಅಂದರೆ 555.

```
https://youtu.be/VIDEO_ID?t=555
```

ಲಿಂಕಿನಲ್ಲಿ ಆಗಲೇ ಪ್ರಶ್ನೆ ಚಿಹ್ನೆ ಇದ್ದರೆ `?t=555` ಬದಲು `&t=555` ಹಾಕಿ. ಅವತ್ತು ಸಂಜೆ ಗುಂಪಿನಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಮೂಡಿಗೆರೆ ಕಡೆಯಿಂದ ಬಂದ ಒಬ್ಬ ಸೊಸೆ ಅಕ್ಕಿ ತೊಳೆದ ನೀರಲ್ಲಿ ನೆನೆಸುತ್ತೇವೆ ಅಂದಳು. ಅದನ್ನು ಮುಂದಿನ ವರ್ಷ ಮಾಡಿ ನೋಡಬೇಕು.

ಇಂಗ್ಲಿಷ್ ಅಕ್ಷರದಲ್ಲಿ ಹುಡುಕುವವರಿಗಾಗಿ ಕ್ಯಾಪ್ಶನ್‌ನ ತಳದಲ್ಲಿ `kalale palya` ಅಂತ ಒಂದು ಸಾಲು ಬಿಟ್ಟಿದ್ದೇನೆ. ಮೇಲೆ ಮಾತ್ರ ಹಾಕಬೇಡಿ, ಓದುವ ಓಟ ತುಂಡಾಗುತ್ತದೆ. ಹ್ಯಾಶ್‌ಟ್ಯಾಗ್ ಮೂರು ಹಾಕಿದೆ. ಮೊದಲು ಇಪ್ಪತ್ತು ಹಾಕುತ್ತಿದ್ದೆ, ಅದರಿಂದ ಏನೂ ಆಗಲಿಲ್ಲ.

ವಿಡಿಯೋ ಹಾಕಿದ ಎರಡನೇ ದಿನ ಮೊದಲ ಸಾಲಿನಲ್ಲಿ ಒಂದು ಪದ ಬದಲಿಸುತ್ತೇನೆ. ಯಾವ ಪದ, ಏನು ನೋಡಿ ಬದಲಿಸುತ್ತೇನೆ ಅನ್ನುವುದನ್ನು ಇಲ್ಲಿ ಹೇಳಲ್ಲ. ಎರಡು ವರ್ಷ ಕಷ್ಟಪಟ್ಟು ಕಂಡುಕೊಂಡದ್ದು, ಅದು ನನ್ನ ಹತ್ತಿರವೇ ಇರಲಿ. ಉಳಿದದ್ದೆಲ್ಲ ಮೇಲೆ ಇದ್ದ ಹಾಗೇ ಕೊಟ್ಟಿದ್ದೇನೆ.

ಹೊಟ್ಟೆ ತೊಳಸು ಅಂತ ಬರೆದಿದ್ದ ಆ ಹೆಣ್ಣುಮಗಳಿಗೆ ಹೊಸ ವಿಡಿಯೋದ ಲಿಂಕ್ ನಾನೇ ಕಳಿಸಿದೆ. ಹದಿನೈದು ದಿನ ಬಿಟ್ಟು ಅವರು ಒಂದು ಫೋಟೋ ಹಾಕಿದ್ದರು. ಸ್ಟೀಲ್ ಪಾತ್ರೆಯಲ್ಲಿ ನೆನೆದ ಕಳಲೆ, ಪಕ್ಕದಲ್ಲಿ ಚೀಟಿ, ಚೀಟಿಯಲ್ಲಿ "2ನೇ ದಿನ" ಅಂತ ಬರೆದಿತ್ತು.