ಪದಪಟ್ಟಿ ಕಟ್ಟುವಾಗ: ಕಡತ ಉಳಿಯಿತು, 'ಸರ್ವರ್' ಕೂಡ ಉಳಿಯಿತು

ವಿಜಯಪುರದ ಒಂದು ಪತ್ತಿನ ಸಹಕಾರಿ ಸಂಘದ ತಂತ್ರಾಂಶವನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅದಕ್ಕೆ ಮೊದಲು ಪದಪಟ್ಟಿ ಬೇಕು. ಯಾವುದಕ್ಕೆ ಕನ್ನಡ ಪದ, ಯಾವುದು ಇಂಗ್ಲಿಷಿನದೇ ಇರಲಿ ಅನ್ನೋದನ್ನು ಬಿಡಿ ಪದ ನೋಡಿ ತೀರ್ಮಾನಿಸಲಿಲ್ಲ. ಪರದೆಯ ಮೇಲೆ ಬರುವ ಇಡೀ ವಾಕ್ಯದಲ್ಲಿಟ್ಟು, ವಿಭಕ್ತಿ ಹಚ್ಚಿ ನೋಡಿದೆ.

'ಫೈಲ್' ತಗೊಳ್ಳಿ. ಫೈಲನ್ನು, ಫೈಲ್ ಅನ್ನು, ಫೈಲುಗಳು, ಫೈಲ್‌ಗಳು ಅಂತ ಒಬ್ಬೊಬ್ಬರದು ಒಂದೊಂದು ರೀತಿ. ಸಹಾಯ ಪುಟದಲ್ಲಿ ಹುಡುಕಿದರೆ ಅರ್ಧ ಸಿಗುತ್ತದೆ, ಅರ್ಧ ಸಿಗೋದಿಲ್ಲ. 'ಕಡತ'ಕ್ಕೆ ಈ ತಕರಾರಿಲ್ಲ, ಕಚೇರಿಗೆ ಅಲೆದವರಿಗೆಲ್ಲ ಗೊತ್ತಿರುವ ಪದ ಅದು. ಹಿಂದೆ ಹುಣಸೆಬೀಜದ ಅಂಟು, ಇದ್ದಿಲು ಬಳಿದ ಬಟ್ಟೆಯ ಮಡಿಕೆ ಪುಸ್ತಕಕ್ಕೇ ಕಡತ ಅನ್ನುತ್ತಿದ್ದರು. ಇನ್ನೊಂದು ಅನುಕೂಲವೂ ಇದೆ. ವಾಕ್ಯದಲ್ಲಿ `%s` ಇದ್ದ ಜಾಗಕ್ಕೆ ಯಾವ ಹೆಸರು ಬರುತ್ತದೋ ಮೊದಲೇ ಗೊತ್ತಿರೋದಿಲ್ಲ, ಅದಕ್ಕೆ ಪ್ರತ್ಯಯ ಅಂಟಿಸಲು ಬರೋದಿಲ್ಲ. ಪಕ್ಕದಲ್ಲಿ ಕಡತ ಇಟ್ಟರೆ ಪ್ರತ್ಯಯವನ್ನು ಅದು ಹೊರುತ್ತದೆ:

```
msgid "Delete file \"%s\"?"
msgstr "\"%s\" ಕಡತವನ್ನು ಅಳಿಸಬೇಕೇ?"
```

ಜಾಸ್ತಿ ಹೊತ್ತು ಹಿಡಿದದ್ದು ಡಿಲೀಟ್, ರಿಮೂವ್, ಕ್ಲಿಯರ್ ಈ ಮೂರು. ಸಿಕ್ಕ ಹಳೆಯ ಪಟ್ಟಿಯಲ್ಲಿ ಮೂರಕ್ಕೂ 'ಅಳಿಸಿ' ಅಂತಲೇ ಇತ್ತು. ಸ್ವಸಹಾಯ ಗುಂಪಿನಿಂದ ಒಬ್ಬ ಸದಸ್ಯೆಯನ್ನು ಬಿಡಿಸಬೇಕಿದ್ದ ಗುಮಾಸ್ತರು ಆ ಗುಂಡಿ ಒತ್ತಲು ಒಪ್ಪಲೇ ಇಲ್ಲ. "ಖಾತೇನ ಹೋತಂದ್ರ ಏನ್ ಮಾಡೂದ್ರೀ ಸರ?" ಅಂದರು. ಅವರ ಹೆದರಿಕೆ ಸರಿಯಾಗಿತ್ತು. ಗುಂಪಿನಿಂದ ಹೊರಗಾಗುವುದು ಬೇರೆ, ದಾಖಲೆಯೇ ಇಲ್ಲವಾಗುವುದು ಬೇರೆ, ಅಲ್ವಾ? ಡಿಲೀಟ್‌ಗೆ ಮಾತ್ರ 'ಅಳಿಸಿ' ಇಟ್ಟೆ. ರಿಮೂವ್ 'ತೆಗೆಯಿರಿ' ಆಯಿತು, ಅರ್ಜಿಯ ಚೌಕ ಬರಿದು ಮಾಡುವ ಕ್ಲಿಯರ್ 'ಖಾಲಿ ಮಾಡಿ' ಆಯಿತು. ಒಂದೂ ಹೊಸದಾಗಿ ಹುಟ್ಟಿಸಿದ್ದಲ್ಲ. ಆಮೇಲೆ ಪಟ್ಟಿಯನ್ನು ಕನ್ನಡ ಕಾಲಮ್ಮಿನ ಪ್ರಕಾರ ಜೋಡಿಸಿ ನೋಡುವುದು ರೂಢಿಯಾಯಿತು. ಎರಡು ಇಂಗ್ಲಿಷ್ ಪದಗಳು ಒಂದೇ ಕನ್ನಡ ಪದಕ್ಕೆ ಬಂದು ಬಿದ್ದಿದ್ದರೆ ಆಗ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ.

'ಸರ್ವರ್' ಅನ್ನು ಮುಟ್ಟಲಿಲ್ಲ. ಪರಿಚಾರಕ, ಪೂರೈಕೆಗಣಕ ಎಂಬ ಪದಗಳಿವೆ, ಗೊತ್ತು. ಆದರೆ ರೇಷನ್ ಅಂಗಡಿಯ ಸಾಲಿನಲ್ಲಿ ನಿಂತವರೂ "ಸರ್ವರ್ ಇಲ್ಲಂತ್ರೀ" ಅಂತಲೇ ಹೇಳುತ್ತಾರೆ. ತೊಂದರೆ ಬಂದಾಗ ಗುಮಾಸ್ತರು ಪರದೆಯಲ್ಲಿದ್ದದ್ದನ್ನು ಫೋನಿನಲ್ಲಿ ಓದಿ ಹೇಳಬೇಕು. ಆ ಕಡೆಯವರಿಗೆ ಅದು ತಕ್ಷಣ ತಿಳಿಯಬೇಕು.

ರದ್ದು, ಜಮಾ, ಖಾತೆ ಇವುಗಳ ಬಗ್ಗೆ ಚರ್ಚೆಯೇ ಬರಲಿಲ್ಲ, ಸಂಘದ ಪುಸ್ತಕಗಳಲ್ಲಿ ಮೊದಲಿನಿಂದ ಇದ್ದವು. 'ಸಿಂಕ್' ಮಾತ್ರ ಇನ್ನೂ ಸಿಂಕ್ ಆಗಿಯೇ ಇದೆ. 'ಹೊಂದಿಸಿ' ಅನ್ನೋಣ ಅಂದರೆ ಅದು ಆಗಲೇ ಸೆಟ್ಟಿಂಗ್ಸ್ ಕಡೆ ದುಡಿಯುತ್ತಿದೆ.