ದಡಾರ-ರುಬೆಲ್ಲಾ ಲಸಿಕೆಯ ಪೋಸ್ಟರ್ ಕನ್ನಡಕ್ಕೆ ತಂದದ್ದು

ಆರೋಗ್ಯದ ಪೋಸ್ಟರ್, ಕರಪತ್ರಗಳನ್ನು ಕನ್ನಡಕ್ಕೆ ತರುವ ಕೆಲಸ ಮಾಡುತ್ತೇನೆ. ಅದರಲ್ಲಿ ನನಗೆ ಜಾಸ್ತಿ ಕಲಿಸಿದ್ದು ದಡಾರ-ರುಬೆಲ್ಲಾ ಲಸಿಕೆಯ ಒಂದು ಪೋಸ್ಟರ್. ಅಂಗನವಾಡಿಯ ಗೋಡೆಗೂ ಉಪಕೇಂದ್ರದ ಬಾಗಿಲಿಗೂ ಅಂಟಿಸುವಂಥದ್ದು. ಇಂಗ್ಲಿಷಿನಲ್ಲಿ ಇದ್ದದ್ದು ಬೆರಳೆಣಿಕೆಯ ಸಾಲು. ಆದರೆ ಒಂದೊಂದು ಸಾಲಿಗೂ ಇಬ್ಬರ ಒಪ್ಪಿಗೆ ಬೇಕಿತ್ತು. ಓದಿದ ತಾಯಿ ಮಗುವನ್ನು ಎತ್ತಿಕೊಂಡು ಬರಬೇಕು, ಮಕ್ಕಳ ಡಾಕ್ಟರು "ಇದು ತಪ್ಪು" ಎನ್ನಬಾರದು.

ದೊಡ್ಡ ಅಕ್ಷರದ ಘೋಷಣೆಯನ್ನೇ ಮೊದಲು ನೋಡೋಣ. ಎರಡು ಡೋಸ್ ಹಾಕಿಸಿದರೆ ಸಂಪೂರ್ಣ ರಕ್ಷಣೆ ಎಂಬ ಅರ್ಥದ ಸಾಲು ಅದು. 'ಎರಡು ಡೋಸ್, ಸಂಪೂರ್ಣ ರಕ್ಷಣೆ' ಎಂದು ಬರೆದರೆ ಕೇಳಲು ಚೆನ್ನಾಗಿಯೇ ಇದೆ. ಆದರೆ ನಿಜ ಅಷ್ಟಿಲ್ಲ. ಒಂಬತ್ತು ತಿಂಗಳಿಗೆ ಹಾಕುವ ಮೊದಲ ಡೋಸ್ ನೂರರಲ್ಲಿ ಸುಮಾರು 85 ಮಕ್ಕಳಿಗೆ ದಡಾರದಿಂದ ರಕ್ಷಣೆ ಕೊಡುತ್ತದೆ. ಎರಡೂ ಆದ ಮೇಲೆ ಅದು ಸುಮಾರು 97ಕ್ಕೆ ಏರುತ್ತದೆ. ಉಳಿದ ಮೂರು ಮಕ್ಕಳಲ್ಲಿ ಒಂದು ಇದೇ ಊರಿನಲ್ಲಿದ್ದು, ಅದಕ್ಕೆ ದಡಾರ ಬಂದರೆ? 'ಸಂಪೂರ್ಣ' ಎಂದು ಬರೆದದ್ದನ್ನು ಇಡೀ ಊರು ನೆನಪಿಡುತ್ತದೆ. ಮುಂದಿನ ಸಲ ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಹೋದಾಗ ಮಾತು ಕೇಳಬೇಕಾದವಳು ಅವಳು.

ಹಾಗಂತ 'ಶೇಕಡಾ 97 ರಕ್ಷಣೆ' ಎಂದರೆ ಅದು ಘೋಷಣೆ ಆಗುವುದಿಲ್ಲ. ಅಳೆದು ಹೇಳಬೇಕಾದ ಭರವಸೆಯನ್ನು ಬಿಟ್ಟು, ತಾಯಿ ಮಾಡಬೇಕಾದ ಕೆಲಸವನ್ನೇ ಮುಂದಿಟ್ಟೆ: 'ಎರಡೂ ಹಾಕಿಸಿ, ದಡಾರ ದೂರ ಇರಿಸಿ.' ಇಲ್ಲಿ 'ಎರಡೂ' ಎನ್ನುವಾಗಿನ ಆ ದೀರ್ಘವೇ ಮುಖ್ಯ. ಮೊದಲನೆಯದನ್ನು ಹಾಕಿಸಿ ಎರಡನೆಯದನ್ನು ಮರೆಯುವವರು ಬಹಳ ಮಂದಿ. ಒಂದು ಸಾಲದು ಎಂಬ ಮಾತು ಆ ಒಂದು ಅಕ್ಷರದಲ್ಲೇ ಬಂತು. ದಡಾರವನ್ನು ದೂರ ಇಡುವುದು ಎಂದರೆ ಬರುವ ಸಾಧ್ಯತೆ ತೀರಾ ಕಡಿಮೆ ಮಾಡುವುದು. ಡಾಕ್ಟರೂ ಇದಕ್ಕೆ ತಕರಾರು ಮಾಡಲಿಲ್ಲ.

ಮುಂದಿನದು ವಯಸ್ಸು. ಸರ್ಕಾರದ ವೇಳಾಪಟ್ಟಿಯಲ್ಲಿ ಮೊದಲ ಡೋಸ್ 9 ತಿಂಗಳು ಮುಗಿದ ಮೇಲೆ, ಎರಡನೆಯದು 16ರಿಂದ 24 ತಿಂಗಳೊಳಗೆ. 'ಒಂಬತ್ತನೇ ತಿಂಗಳಲ್ಲಿ' ಎಂದು ಬರೆದರೆ ಎಂಟು ತಿಂಗಳು ತುಂಬಿದ ಮರುದಿನವೇ ಮಗುವನ್ನು ಕರೆತರುತ್ತಾರೆ. ಅವರ ಲೆಕ್ಕ ಸರಿಯೇ ಅಲ್ವಾ? ಆದರೆ ಹೊಟ್ಟೆಯಲ್ಲಿದ್ದಾಗ ತಾಯಿಯಿಂದ ಬಂದ ರೋಗನಿರೋಧಕ ಅಂಶ ಮಗುವಿನ ರಕ್ತದಲ್ಲಿ ಕೆಲವು ತಿಂಗಳು ಉಳಿದಿರುತ್ತದೆ. ಬೇಗ ಹಾಕಿದಷ್ಟೂ ಅದು ಲಸಿಕೆಯನ್ನೇ ತಡೆಯುವುದು ಜಾಸ್ತಿ. ಆದ್ದರಿಂದ '9 ತಿಂಗಳು ತುಂಬಿದ ಮೇಲೆ' ಎಂದೇ ಬರೆದೆ. ಎರಡನೆಯದಕ್ಕೆ ಬೇರೆ ತೊಡಕು. ಮಗುವಿಗೆ ವರ್ಷ ತುಂಬುವವರೆಗೆ ತಾಯಂದಿರು ತಿಂಗಳಲ್ಲಿ ಎಣಿಸುತ್ತಾರೆ, ಆಮೇಲೆ ಕಾಲು, ಅರೆ, ಮುಕ್ಕಾಲು ವರ್ಷಗಳಲ್ಲಿ. 'ಹದಿನಾರು ತಿಂಗಳು' ಎಂದರೆ ನಿಂತು ಲೆಕ್ಕ ಹಾಕಬೇಕು. 'ಒಂದೂವರೆ ವರ್ಷದ ಹೊತ್ತಿಗೆ ಎರಡನೆಯದು' ಎಂದು ದಪ್ಪಗೆ ಬರೆದು, ಕೆಳಗೆ ಸಣ್ಣದಾಗಿ '16ರಿಂದ 24 ತಿಂಗಳೊಳಗೆ' ಎಂದು ಹಾಕಿದೆ. ಒಂದೂವರೆ ಆ ಅವಧಿಯ ಒಳಗೇ ಬೀಳುವುದರಿಂದ ಎರಡು ಸಾಲಿಗೂ ಜಗಳವಿಲ್ಲ.

ರುಬೆಲ್ಲಾದ ಸಾಲು ಮಾತ್ರ ತುಂಬ ಹೊತ್ತು ತೆಗೆದುಕೊಂಡಿತು. ಇಂಗ್ಲಿಷಿನಲ್ಲಿ ಗರ್ಭಿಣಿಯರನ್ನು ರುಬೆಲ್ಲಾದಿಂದ ಕಾಪಾಡಿ ಎಂದಿತ್ತು. ಇದನ್ನು ಹಾಗೆಯೇ ಕನ್ನಡದಲ್ಲಿ ಬರೆದು, ಪಕ್ಕದಲ್ಲಿ ಸಿರಿಂಜಿನ ಚಿತ್ರ ಇಟ್ಟರೆ ಏನರ್ಥ? ಬಸುರಿಯರು ಈ ಲಸಿಕೆ ಹಾಕಿಸಿಕೊಳ್ಳಬೇಕು ಅಂತ. ಇದು ದುರ್ಬಲಗೊಳಿಸಿದ ಜೀವಂತ ವೈರಸ್ ಇರುವ ಲಸಿಕೆ, ಬಸುರಿಯರಿಗೆ ಹಾಕುವುದಿಲ್ಲ. ಮಕ್ಕಳಿಗೆ ಹಾಕಿದರೆ ಊರಿನಲ್ಲಿ ರುಬೆಲ್ಲಾ ಓಡಾಡುವುದು ಕಡಿಮೆಯಾಗುತ್ತದೆ, ಬಸುರಿಯರಿಗೆ ಸಿಗುವ ರಕ್ಷಣೆ ಆ ದಾರಿಯಿಂದ. ಇನ್ನೊಂದು ಮಾತು. ಗರ್ಭಿಣಿ, ತಾಯಿ ಎಂದ ಕೂಡಲೇ 'ಇದು ಹೆಣ್ಣುಮಕ್ಕಳ ಲಸಿಕೆ' ಎಂದು ಗಂಡುಮಗುವನ್ನು ಮನೆಯಲ್ಲೇ ಬಿಡುವ ಅಪಾಯವೂ ಇತ್ತು.

ಕೊನೆಗೆ ಹೀಗೆ ಬಿಡಿಸಿ ಬರೆದೆ: 'ಗಂಡಾಗಲಿ ಹೆಣ್ಣಾಗಲಿ, ಮಗುವಿಗೆ ಲಸಿಕೆ ಹಾಕಿಸಿ. ರುಬೆಲ್ಲಾ ಮಕ್ಕಳಿಗೆ ಸಣ್ಣ ಜ್ವರದ ಹಾಗೆ ಬಂದು ಹೋಗುತ್ತದೆ. ಅದೇ ಬಸುರಿಗೆ ಅಂಟಿದರೆ ಹೊಟ್ಟೆಯಲ್ಲಿರುವ ಕೂಸಿನ ಕಣ್ಣು, ಕಿವಿ, ಹೃದಯಕ್ಕೆ ಪೆಟ್ಟು ಬೀಳಬಹುದು. ಬಸುರಿಯರಿಗೆ ಈ ಲಸಿಕೆ ಹಾಕುವುದಿಲ್ಲ.' ಮೂಲಕ್ಕಿಂತ ಉದ್ದ ಆಯಿತು. ಜಾಗ ಸಾಲದು ಎಂದರು. ನಾನು ಚಿತ್ರ ಚಿಕ್ಕದು ಮಾಡಿ ಎಂದೆ. ಈ ವಿಷಯದಲ್ಲಿ ಬಿಟ್ಟುಕೊಡಲು ಮನಸ್ಸು ಬರಲಿಲ್ಲ.

ಗಾಳಿಸುದ್ದಿಗೆ ಉತ್ತರ ಕೊಡುವ ಸಾಲೂ ಬೇಕು ಎಂಬ ಬೇಡಿಕೆ ಇತ್ತು. 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ 9 ತಿಂಗಳಿಂದ 15 ವರ್ಷದೊಳಗಿನ ಮಕ್ಕಳಿಗೆಲ್ಲ ಈ ಲಸಿಕೆಯ ಅಭಿಯಾನ ನಡೆದಾಗ ವಾಟ್ಸಾಪಿನಲ್ಲಿ ಏನೇನೋ ಹರಿದಾಡಿತ್ತು. ಹಾಗಾಗಿ 'ಈ ಲಸಿಕೆಯಿಂದ ಬಂಜೆತನ ಬರುವುದಿಲ್ಲ' ಎಂದು ಹಾಕೋಣ ಎಂದರು. ನಾನು ಒಪ್ಪಲಿಲ್ಲ. ಕನ್ನಡದಲ್ಲಿ 'ಇಲ್ಲ' ಬರುವುದು ವಾಕ್ಯದ ಕೊನೆಗೆ. ಬಸ್ಸು ಕಾಯುತ್ತಾ ದೂರದಿಂದ ಓದುವವರ ಕಣ್ಣಿಗೆ 'ಲಸಿಕೆ', 'ಬಂಜೆತನ' ಎಂಬ ಎರಡು ಪದ ಒಟ್ಟಿಗೆ ಬೀಳುತ್ತವೆ, 'ಇಲ್ಲ' ಬಿಟ್ಟುಹೋಗುತ್ತದೆ. ಸುದ್ದಿ ಕೇಳದೇ ಇದ್ದವರಿಗೂ ನಾವೇ ಕೇಳಿಸಿದಂತೆ. ಅದನ್ನು ಕೇಳಿದವರಿಗೆ ಎದುರು ಕೂತು ಸಿಸ್ಟರ್ ಹೇಳುವುದೇ ಸರಿ.

ಅದರ ಬದಲು ನಿಜವಾಗಿಯೂ ಆಗುವುದನ್ನು ಹೇಳಿದೆವು. ಒಂದೂವರೆ, ಎರಡೂವರೆ, ಮೂರೂವರೆ ತಿಂಗಳ ಪೆಂಟಾ ಚುಚ್ಚಿದಾಗ ಜ್ವರ ಅದೇ ದಿನ ಅಥವಾ ಮರುದಿನ ಬರುವುದನ್ನು ತಾಯಂದಿರು ನೋಡಿರುತ್ತಾರೆ. ದಡಾರದ ಲಸಿಕೆಯ ಜ್ವರ ಹಾಗಲ್ಲ. ಬಂದರೆ ಸಾಮಾನ್ಯವಾಗಿ ಒಂದು ವಾರದ ಮೇಲೆ, ಕೆಲವೊಮ್ಮೆ ಮೈಮೇಲೆ ಸಣ್ಣ ದದ್ದಿನ ಜೊತೆ. ಮೊದಲೇ ತಿಳಿಸದಿದ್ದರೆ 'ಲಸಿಕೆ ಹಾಕಿಸಿದ್ದಕ್ಕೇ ದಡಾರ ಬಂತು' ಎನ್ನುತ್ತಾರೆ. 'ಸುರಕ್ಷಿತ ಮತ್ತು ಪರಿಣಾಮಕಾರಿ' ಎಂಬ ಸಾಲನ್ನು ತೆಗೆಸಿ ಆ ಜಾಗದಲ್ಲಿ ಹೀಗೆ ಬರೆದೆ: 'ಲಸಿಕೆ ಹಾಕಿಸಿ ಒಂದು ವಾರ ಕಳೆದ ಮೇಲೆ ಕೆಲವು ಮಕ್ಕಳಿಗೆ ಜ್ವರ, ಸಣ್ಣ ದದ್ದು ಬರಬಹುದು. ಒಂದೆರಡು ದಿನದಲ್ಲಿ ಇಳಿಯುತ್ತದೆ. ಇಳಿಯದಿದ್ದರೆ ಸಿಸ್ಟರ್‌ಗೆ ತೋರಿಸಿ.'

ರೋಗದ ಹೆಸರಿನ ಬಗ್ಗೆಯೂ ಚರ್ಚೆ ಆಯಿತು. ಜನ ಹೇಳುವ ಹಾಗೆ 'ಅಮ್ಮ' ಎಂದೇ ಹಾಕಿ ಎಂದವರಿದ್ದರು. ಆದರೆ ಸೀತಾಳೆ ಸಿಡುಬಿಗೂ ಜನ ಅಮ್ಮ ಎನ್ನುತ್ತಾರೆ, ಈ ಲಸಿಕೆ ಅದನ್ನು ತಡೆಯುವುದಿಲ್ಲ. ಮೇಲಾಗಿ ಅಮ್ಮನನ್ನು ದೂರ ಇರಿಸಿ ಎಂದು ಬರೆದರೆ ಭಕ್ತಿಯಿಂದ ನಡೆದುಕೊಳ್ಳುವವರಿಗೆ ನೋವಾಗುತ್ತದೆ. ದಡಾರ ಎಂದೇ ಉಳಿಸಿದೆವು.

ಕರಡು ಸಿದ್ಧವಾದ ಮೇಲೆ ಲಸಿಕೆ ಹಾಕುವ ದಿನ ಉಪಕೇಂದ್ರಕ್ಕೆ ಒಯ್ದೆ. 'ಅರ್ಥ ಆಯ್ತಾ?' ಎಂದು ಕೇಳಿದರೆ ಎಲ್ಲರೂ ಸುಮ್ನೆ ಹೂಂ ಅನ್ನುತ್ತಾರೆ. ಆದ್ದರಿಂದ ಪೋಸ್ಟರ್ ತೋರಿಸಿ, ಮಡಚಿಟ್ಟು, "ಅಕ್ಕಾ, ಪಕ್ಕದ ಮನೆಯವರಿಗೆ ಇದನ್ನ ಹೇಗೆ ಹೇಳ್ತೀರಿ?" ಎಂದು ಕೇಳಿದೆ. ಒಬ್ಬರು ಹೇಳಿದರು, "ಒಂಬತ್ತು ತುಂಬಿದ ಮೇಲೆ ಒಂದು, ಒಂದೂವರೆ ವರ್ಷಕ್ಕೆ ಇನ್ನೊಂದು. ಹಾಕ್ಸಿದ್ ದಿನ ಅಲ್ಲ, ವಾರ ಬಿಟ್ಟು ಜ್ವರ ಬಂದ್ರೆ ಹೆದರಬೇಡ ಅಂತೀನಿ." ನನಗೆ ಬೇಕಾದ ಉತ್ತರ ಅದೇ. ಆದರೆ ಇನ್ನೊಬ್ಬರು, "ಎರಡು ವರ್ಷ ದಾಟಿದ್ರೆ ಮುಗೀತು, ಆಮೇಲೆ ಹಾಕಲ್ಲ ಅಂತೀನಿ" ಎಂದರು. ಪೋಸ್ಟರಿನಲ್ಲಿ ಹಾಗೆ ಬರೆದಿರಲಿಲ್ಲ, ಅವರಿಗೆ ಹಾಗೆ ಕೇಳಿಸಿತ್ತು. ತಪ್ಪಿದ ಡೋಸನ್ನು ಐದು ವರ್ಷದವರೆಗೂ ಹಾಕುತ್ತಾರೆ. 'ತಡ ಆಯಿತೇ? ಐದು ವರ್ಷದೊಳಗೆ ಈಗಲೂ ಹಾಕಿಸಬಹುದು. ತಾಯಿ ಕಾರ್ಡ್ ತನ್ನಿ' ಎಂಬ ಸಾಲು ಹೀಗೆ ಸೇರಿತು.

ಅಚ್ಚಿಗೆ ಹೋಗುವ ಮುನ್ನ ಬಂದ ಪ್ರೂಫಿನಲ್ಲಿ ಸಾಲು ಹಿಡಿಸಲೆಂದು ವಿನ್ಯಾಸಕರು 'ತುಂಬಿದ' ಪದ ತೆಗೆದಿದ್ದರು, 'ಬರಬಹುದು' ಎಂಬುದು 'ಬರುತ್ತದೆ' ಆಗಿತ್ತು. ಎರಡನ್ನೂ ವಾಪಸ್ ಹಾಕಿಸಿ, ಅಕ್ಷರದ ಗಾತ್ರ ಒಂದು ಮೆಟ್ಟಿಲು ಇಳಿಸಿ, ಡಾಕ್ಟರ ಸಹಿಯನ್ನು ಆ ಕೊನೆಯ ಪ್ರೂಫಿನ ಮೇಲೆಯೇ ತೆಗೆದುಕೊಂಡೆ.