ಸಪ್ಲಿಮೆಂಟ್ ಬ್ಯಾಚ್ ಪರೀಕ್ಷೆ: ನಮ್ಮ ಗರಡಿಯ ಅನುಭವ

'ಆ ದುಡ್ಡಿಗೆ ಹದಿನೈದು ಕೆಜಿ ಬಾದಾಮಿ ಬರುತ್ತೆ ಕಣೋ' ಅಂತ ದಾವಣಗೆರೆಯ ನಮ್ಮ ಗರಡಿಯ ಹಿರಿಯರು ಸಪ್ಲಿಮೆಂಟ್ ಪರೀಕ್ಷೆಯ ಲ್ಯಾಬ್ ಬಿಲ್ ನೋಡಿದಾಗಲೆಲ್ಲ ಹೇಳುತ್ತಿದ್ದರು. ಕಳೆದ ಸೀಸನ್‌ನಲ್ಲಿ ಒಂದು ಪ್ರಿ-ವರ್ಕೌಟ್ ಬ್ಯಾಚಿನಲ್ಲಿ ಆಸ್ಟರೀನ್ ಅನ್ನೋ ನಿಷೇಧಿತ ಮದ್ದು ಸಿಕ್ಕಿತು. ಲೇಬಲ್‌ನಲ್ಲಿ ಅದರ ಸುಳಿವೇ ಇರಲಿಲ್ಲ. ಅದೇ ಕಂಪನಿಯ ಹಿಂದಿನ ಬ್ಯಾಚ್ ಕ್ಲೀನ್ ಇತ್ತು. ಹುಡುಗರ ಬಾಯಿಗೆ ಒಂದು ಚಮಚವೂ ಹೋಗಿರಲಿಲ್ಲ. ಈಗ ಹಿರಿಯರೇ 'ಲ್ಯಾಬಿಗೆ ಕಳಿಸಿದ್ಯಾ?' ಅಂತ ಕೇಳುತ್ತಾರೆ.

ಇದಕ್ಕೂ ಮೊದಲು ದುಡ್ಡು ಹೋಗಿತ್ತು. ಒಂದು ಲ್ಯಾಬಿಗೆ ನಾಲ್ಕೈದು ಸಾವಿರ ಕೊಟ್ಟೆವು. 'ಪತ್ತೆಯಾಗಿಲ್ಲ' ಅಂತ ರಿಪೋರ್ಟ್ ಬಂತು. ಆದರೆ ಅವರ ಪತ್ತೆ ಮಿತಿ ಕಿಲೋಗೆ 1 ಮಿಲಿಗ್ರಾಂ. ಅಂದರೆ 30 ಗ್ರಾಂ ಸ್ಕೂಪಿನಲ್ಲಿ 30 ಮೈಕ್ರೋಗ್ರಾಂ ಹತ್ತಿರ ಇದ್ದರೂ ಅವರ ಮೆಷಿನ್‌ಗೆ ಕಾಣೋದಿಲ್ಲ. ದೇಹದೊಳಗೆ ಹೋಗಿ ಸ್ಟೆರಾಯ್ಡ್ ಆಗುವ ನ್ಯಾಂಡ್ರೊಲೋನ್ ಜಾತಿಯ ಪ್ರೊಹಾರ್ಮೋನ್ ಆದರೆ ಕೆಲವೇ ಮೈಕ್ರೋಗ್ರಾಂಗೆ ಯೂರಿನ್ ಟೆಸ್ಟ್ ಫೇಲ್ ಆಗಬಹುದು! ಈಗ ಅದಕ್ಕಿಂತ ನೂರು ಪಟ್ಟು ಸೂಕ್ಷ್ಮವಾಗಿ, ಗ್ರಾಂಗೆ 10 ನ್ಯಾನೋಗ್ರಾಂ ತನಕ ಹಿಡಿಯುವ ಲ್ಯಾಬಿಗೇ ಕಳಿಸುತ್ತೇವೆ. ಖರ್ಚು ಹತ್ತು-ಹನ್ನೆರಡು ಸಾವಿರ. ಯಾವ್ಯಾವ ಪದಾರ್ಥ ಹುಡುಕುತ್ತಾರೆ ಅನ್ನೋ ಪಟ್ಟಿಯನ್ನೂ ಮೊದಲೇ ತರಿಸಿಕೊಳ್ಳುತ್ತೇನೆ. ಹುಡುಕದೇ ಇದ್ದದ್ದು ಸಿಗೋದಿಲ್ಲ ಅಲ್ವಾ. ಪ್ರೋಟೀನ್ ಶೇಕಡಾವಾರು, ಸೀಸ ನೋಡಿದ ರಿಪೋರ್ಟಿಗೂ ಡೋಪಿಂಗ್‌ಗೂ ಸಂಬಂಧವೇ ಇಲ್ಲ.

ಸೀಸನ್‌ಗೆ ಬೇಕಾದಷ್ಟೂ ಡಬ್ಬಿಗಳನ್ನು ಒಂದೇ ಬ್ಯಾಚಿನಲ್ಲಿ ತರುತ್ತೇವೆ. ಡೀಲರ್ ಇದಕ್ಕೆ ಒಪ್ಪೋದು ಹೇಗೆ ಅನ್ನೋದು ನನ್ನ ಹತ್ತಿರವೇ ಇರಲಿ. ಬ್ಯಾಚ್ ನಂಬರನ್ನು, ಪರೀಕ್ಷೆಯಾದ ಬ್ಯಾಚುಗಳ ಪಟ್ಟಿ ಹಾಕುವ ಇನ್ಫಾರ್ಮ್ಡ್ ಸ್ಪೋರ್ಟ್ ಸೈಟಿನಲ್ಲಿ ಹುಡುಕುತ್ತೇನೆ. ಡಬ್ಬಿ ಮೇಲೆ ಅವರ ಲೋಗೋ ಇದ್ದು ಆ ನಂಬರ್ ಅಲ್ಲಿ ಇಲ್ಲದಿದ್ದರೆ ಲ್ಯಾಬಿಗೇ. ಒಂದು ಡಬ್ಬಿ ತೆರೆದು ಮೇಲೆ, ನಡುವೆ, ತಳ, ಮೂರೂ ಕಡೆಯಿಂದ ಪುಡಿ ತೆಗೆಯುತ್ತೇನೆ. ಕಲಬೆರಕೆ ಎಲ್ಲ ಕಡೆ ಒಂದೇ ಸಮ ಹರಡಿರೋದಿಲ್ಲ. ಅದಕ್ಕೇ ಕ್ಲೀನ್ ರಿಪೋರ್ಟ್ ಬಂದರೂ ಪಕ್ಕದ ಡಬ್ಬಿಗೆ ಪೂರ್ತಿ ಗ್ಯಾರಂಟಿ ಇಲ್ಲ.

ಹೀಗಾಗಿ ಅದೇ ಬ್ಯಾಚಿನ ಎರಡು ಡಬ್ಬಿ ಸೀಲ್ ಒಡೆಯದೆ ಬಿಲ್ ಸಮೇತ ಬೀಗದೊಳಗೆ ಇಡುತ್ತೇವೆ. ವ್ಹೇ ಪ್ರೋಟೀನ್ ಆದರೆ ಅಲ್ಲಿಗೇ ಹನ್ನೆರಡು ಸಾವಿರದಷ್ಟು ಸುಮ್ನೆ ಕೂತಿರುತ್ತೆ. ಆದರೂ ಬಿಡೋದಿಲ್ಲ. ಆಟಗಾರನ ಯೂರಿನ್‌ನಲ್ಲಿ ಸ್ಟೆರಾಯ್ಡ್ ಸಿಕ್ಕರೆ, ಡೋಪಿಂಗ್ ತಡೆಯುವ ನಾಡಾ ಸಂಸ್ಥೆಯ ನಿಯಮದಲ್ಲಿ ಸಾಮಾನ್ಯವಾಗಿ 4 ವರ್ಷ ನಿಷೇಧ. ಅದು ಕಲುಷಿತ ಸಪ್ಲಿಮೆಂಟಿನಿಂದಲೇ ಬಂತು, ತನ್ನ ತಪ್ಪು ದೊಡ್ಡದಲ್ಲ ಅಂತ ಆಟಗಾರನೇ ಸಾಬೀತು ಮಾಡಿದರೆ ಬರೀ ಎಚ್ಚರಿಕೆಯಿಂದ 2 ವರ್ಷದ ತನಕ ಇಳಿಯುತ್ತೆ. ತೆರೆದ ಡಬ್ಬಿ ತೋರಿಸಿದರೆ 'ನೀನೇ ಬೆರೆಸಿರಬಹುದು' ಅಂತಾರೆ. ಸೀಲ್ ಡಬ್ಬಿಗೆ ಆ ಮಾತು ಹೇಳೋಕಾಗಲ್ಲ. ಸ್ಯಾಂಪಲ್ ಕೊಡುವಾಗ ಫಾರಂನಲ್ಲಿ ಹಿಂದಿನ 7 ದಿನ ತೆಗೆದುಕೊಂಡ ಔಷಧಿ, ಸಪ್ಲಿಮೆಂಟ್ ಎಲ್ಲವನ್ನೂ ಹುಡುಗರ ಕೈಯಲ್ಲೇ ಬರೆಸುತ್ತೇನೆ.

ನಡುವೆ ಇಬ್ಬರು ಹುಡುಗರಿಗೆ ವ್ಹೇ ನಿಲ್ಲಿಸಿ ಶೇಂಗಾ, ಹುರಿಗಡಲೆ ಪುಡಿಯನ್ನು ಹಾಲಲ್ಲಿ ಕೊಟ್ಟೆ. ತೂಕ ಉಳಿಯಿತು, ಖರ್ಚು ಕಾಲುಭಾಗವೂ ಇಲ್ಲ. ಆದರೆ ಕುಸ್ತಿಗೆ ಮುಂಚೆ ಹೊಟ್ಟೆ ಭಾರ ಅಂದರು. ರಾತ್ರಿಗೆ ಮಾತ್ರ ಉಳಿಸಿದ್ದೇವೆ.

ಮುಂದಿನ ಬ್ಯಾಚನ್ನು ಚಿತ್ರದುರ್ಗದ ಗೆಳೆಯರ ಗರಡಿಯ ಜೊತೆ ಸೇರಿ ತರಿಸುತ್ತಿದ್ದೇವೆ. ಲ್ಯಾಬ್ ಬಿಲ್ಲೂ ಅರ್ಧರ್ಧ.